ನಡೆಯಲೇಬೇಕಾದ ಸಂಕಟ: ಚದುರಂಗದ ‘ಜುಗ್‌ಜ್ವಾಂಗ್’

ಚದುರಂಗದಲ್ಲಿ ನಡೆಯ ಸರದಿ ತನ್ನದಾಗಿರುವುದು ಲಾಭವೆಂದು ನಾವೆಲ್ಲರೂ ಸಹಜವಾಗಿ ನಂಬಿರುತ್ತೇವೆ. ಎದುರಾಳಿಗಿಂತ ಒಂದು ನಡೆ ಮುಂದಿರುವವನು ಮೊದಲು ದಾಳಿ ಮಾಡಬಲ್ಲನು, ಮೊದಲು ಕೋಟೆ ಕಟ್ಟಬಲ್ಲನು. ಹೀಗಿರುವಾಗ, “ಸರದಿ ನನ್ನದಾಗಿದ್ದುದರಿಂದಲೇ ನಾನು ಗೆಲ್ಲಲಾರದೆ ಹೋದೆ” ಎಂದು ಒಬ್ಬನು ಹೇಳಿದರೆ ಅದು ಸೋತವನ ಸಬೂಬಿನಂತೆ ಕೇಳಿಸೀತು. ಆದರೆ ಅದು ಸಬೂಬಲ್ಲ. ಆ ಮಾತನ್ನು ನಾನೇ ಒಮ್ಮೆ ಹೇಳಬೇಕಾಗಿ ಬಂದಿತ್ತು.

ನಾನು ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ನಮ್ಮ ವಿದ್ಯಾರ್ಥಿನಿಲಯದಲ್ಲಿ ಒಂದು ಸಣ್ಣ ಪಂದ್ಯಾವಳಿ ನಡೆಯಿತು. ಕೊನೆಯ ಸುತ್ತಿನಲ್ಲಿ ಗೆದ್ದರೆ ನನಗೆ ಮೊದಲ ಸ್ಥಾನ. ಆಟ ಸಮವಾದರೆ ಅದು ಇನ್ನೊಬ್ಬನ ಪಾಲು. ಮಣೆಯ ಮೇಲೆ ಇಬ್ಬರ ರಾಜರೂ ನನ್ನದೊಂದು ಕಾಲಾಳೂ ಮಾತ್ರ ಉಳಿದಿದ್ದವು. ಒಂದು ಕಾಲಾಳು ಹೆಚ್ಚಿಗಿರುವ ನಾನು ಗೆದ್ದೆನೆಂದೇ ತಿಳಿದಿದ್ದೆ. ಆದರೆ ಆಟ ಸಮವಾಯಿತು. ಬಳಿಕ ಹಿರಿಯ ಆಟಗಾರರೊಬ್ಬರು ಮಣೆಯ ಬಳಿಗೆ ಬಂದು, “ನೀನು ಈ ಕಾಲಾಳನ್ನು ಆಗಲೇ ಎರಡು ಮನೆ ನೂಕದೆ ಒಂದೇ ಮನೆ ನೂಕಿದ್ದರೆ ಆಟ ನಿನ್ನದಾಗುತ್ತಿತ್ತು” ಎಂದರು. ಒಂದು ಮನೆಯ ಅಂತರದಲ್ಲಿ ಗೆಲುವು ಹೇಗೆ ಅಡಗಿರಬಲ್ಲದೆಂಬುದು ಅಂದು ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಚದುರಂಗದ ವರದಿಗಳಲ್ಲಿ ಆಗಾಗ ಕಾಣುವ ಒಂದು ವಿಚಿತ್ರ ಶಬ್ದದ ಮರ್ಮವೂ ತಿಳಿಯಿತು. ಆ ಶಬ್ದವೇ ‘ಜುಗ್‌ಜ್ವಾಂಗ್’.

ಇದು ಜರ್ಮನ್ ಭಾಷೆಯ ಮಾತು. ‘ತ್ಸೂಕ್’ ಎಂದರೆ ನಡೆ. ‘ತ್ಸ್ವಾಂಗ್’ ಎಂದರೆ ಬಲವಂತ. ಎರಡೂ ಸೇರಿ ‘ನಡೆಯುವ ಬಲವಂತ’ ಎಂಬ ಅರ್ಥ ಕೊಡುತ್ತವೆ. ಜರ್ಮನ್ ಚದುರಂಗ ಸಾಹಿತ್ಯದಲ್ಲಿ ಈ ಶಬ್ದ 1858ರ ವೇಳೆಗಾಗಲೇ ಬಳಕೆಯಲ್ಲಿತ್ತು. ಇಂಗ್ಲಿಷ್ ಬರವಣಿಗೆಗೆ ಅದನ್ನು 1905ರಲ್ಲಿ ತಂದವರು ಆಗ ವಿಶ್ವವಿಜೇತರಾಗಿದ್ದ ಎಮಾನ್ಯುಯೆಲ್ ಲಾಸ್ಕರ್. ಅಲ್ಲಿಂದ ಮುಂದೆ ಅದು ಎಲ್ಲ ಭಾಷೆಗಳ ಆಟಗಾರರ ಸೊತ್ತಾಯಿತು.

ಇದರ ಬೇರು ಆಟದ ಒಂದು ಸರಳ ನಿಯಮದಲ್ಲಿದೆ. ಚದುರಂಗದಲ್ಲಿ ಇಬ್ಬರೂ ಸರದಿಯಂತೆ ನಡೆಯಲೇಬೇಕು. ‘ಈ ಸಲ ನನಗೆ ಬೇಡ, ನೀನೇ ಇನ್ನೊಮ್ಮೆ ನಡೆ’ ಎಂದು ಸರದಿಯನ್ನು ಬಿಟ್ಟುಕೊಡುವ ಅವಕಾಶ ಯಾರಿಗೂ ಇಲ್ಲ. ಭೌತಶಾಸ್ತ್ರದಲ್ಲಿ ನಿಶ್ಚಲವಾಗಿರುವ ವಸ್ತುವು ಹೊರಗಿನ ಬಲ ಬೀಳುವವರೆಗೂ ನಿಶ್ಚಲವಾಗಿಯೇ ಉಳಿಯುತ್ತದೆ. ಚದುರಂಗದ ಸೈನ್ಯಕ್ಕೆ ಆ ಸುಖವಿಲ್ಲ. ಅದರ ವ್ಯೂಹವು ಎಷ್ಟೇ ಸೊಗಸಾಗಿದ್ದರೂ ಸರದಿ ಬಂದೊಡನೆ ಯಾವುದಾದರೊಂದು ಕಾಯಿ ತನ್ನ ಮನೆಯನ್ನು ಬಿಟ್ಟು ಹೋಗಲೇಬೇಕು. ಪ್ರತಿಯೊಂದು ಕಾಯಿಯೂ ತಾನು ನಿಂತ ಮನೆಯಲ್ಲಿ ಅತ್ಯಗತ್ಯವಾದ ಕಾವಲು ಕಾಯುತ್ತಿದ್ದರೆ, ಯಾವುದು ಕದಲಿದರೂ ಒಂದು ಕಾವಲು ಮುರಿಯುತ್ತದೆ. ಅಂತಹ ಸ್ಥಿತಿಯೇ ಜುಗ್‌ಜ್ವಾಂಗ್.

ಮುಂದಿನ ವಿವರಣೆಗಳನ್ನು ವಾಚಕರು ಮಣೆಯನ್ನು ಎದುರಿಗಿಟ್ಟುಕೊಂಡು ಓದುವುದು ಒಳ್ಳೆಯದು. ಮಣೆಯ ನೀಟಸಾಲುಗಳನ್ನು ಬಿಳಿಯ ಆಟಗಾರನ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದೂ, ಅಡ್ಡಸಾಲುಗಳನ್ನು ಬಿಳಿಯ ಕಡೆಯಿಂದ 1ರಿಂದ 8ರವರೆಗೂ ಗುರುತಿಸೋಣ. ಇ ನೀಟಸಾಲೂ 6ನೆಯ ಅಡ್ಡಸಾಲೂ ಕೂಡುವ ಮನೆ ಇ6. ಬಿಳಿಯ ಕಾಲಾಳು 8ನೆಯ ಸಾಲನ್ನು ಮುಟ್ಟಿದರೆ ಮಂತ್ರಿಯಾಗುತ್ತದೆಂಬುದು ಎಲ್ಲರಿಗೂ ತಿಳಿದೇ ಇದೆ.

ಈಗ ಮೂರೇ ಕಾಯಿಗಳನ್ನು ಇಡಿ. ಬಿಳಿಯ ರಾಜ ಡಿ6ರಲ್ಲಿ, ಬಿಳಿಯ ಕಾಲಾಳು ಇ6ರಲ್ಲಿ, ಕರಿಯ ರಾಜ ಡಿ8ರಲ್ಲಿ. ಇಬ್ಬರು ರಾಜರೂ ನಡುವೆ ಒಂದು ಮನೆ ಬಿಟ್ಟು ಎದುರುಬದುರಾಗಿ ನಿಂತಿದ್ದಾರೆ. ಈ ಸ್ಥಿತಿಯ ಫಲವೇನು? ಪ್ರಶ್ನೆಗೆ ಹೀಗೆಯೇ ಉತ್ತರ ಹೇಳಲಾಗದು. ‘ನಡೆ ಯಾರದು?’ ಎಂದು ಮೊದಲು ಕೇಳಬೇಕು.

ನಡೆ ಕರಿಯನದೆಂದು ಭಾವಿಸೋಣ. ಅವನ ರಾಜನಿಗೆ ಸಿ7, ಡಿ7, ಇ7 ಈ ಮೂರು ಮನೆಗಳೂ ನಿಷಿದ್ಧ. ಅವೆಲ್ಲ ಬಿಳಿಯ ರಾಜನ ಹಿಡಿತದಲ್ಲಿವೆ. ಉಳಿದಿರುವುವು ಸಿ8 ಮತ್ತು ಇ8 ಎರಡೇ. ಸಿ8ಕ್ಕೆ ಸರಿದರೆ ಕಾಲಾಳು ಇ7ಕ್ಕೆ ಹೋಗುತ್ತದೆ. ಕರಿಯ ರಾಜ ಇನ್ನು ಅದನ್ನು ತಲುಪಲಾರ. ಮುಂದಿನ ನಡೆಯಲ್ಲಿ ಅದು ಮಂತ್ರಿಯಾಗುತ್ತದೆ. ಇ8ಕ್ಕೆ ಸರಿದರೂ ಕಾಲಾಳು ಇ7ಕ್ಕೇ ಹೋಗುತ್ತದೆ. ಈಗ ಕರಿಯ ರಾಜನಿಗೆ ಎಫ್7 ಬಿಟ್ಟು ಬೇರೆ ಮನೆಯೇ ಇಲ್ಲ. ಅವನು ಅಲ್ಲಿಗೆ ಹೋದೊಡನೆ ಬಿಳಿಯ ರಾಜ ಡಿ7ಕ್ಕೆ ಬಂದು ಇ8ರ ಬಾಗಿಲನ್ನು ಕಾಯುತ್ತಾನೆ. ಕಾಲಾಳು ನಿರ್ಭಯವಾಗಿ ಮಂತ್ರಿಯಾಗುತ್ತದೆ. ಬಿಳಿಗೆ ಗೆಲುವು.

ಅದೇ ಮೂರು ಕಾಯಿಗಳನ್ನು ಅದೇ ಮನೆಗಳಲ್ಲಿಟ್ಟು, ನಡೆ ಬಿಳಿಯನದೆಂದು ಭಾವಿಸೋಣ. ಕಾಲಾಳನ್ನು ಇ7ಕ್ಕೆ ನೂಕಿದರೆ ಕರಿಯ ರಾಜನಿಗೆ ಚೆಕ್ ಆಗುತ್ತದೆ. ಅವನು ಇ8ಕ್ಕೆ ಬಂದು ಕಾಲಾಳಿನ ಮುಂದೆ ಗೋಡೆಯಂತೆ ನಿಲ್ಲುತ್ತಾನೆ. ಈಗ ಕಾಲಾಳನ್ನು ಉಳಿಸಿಕೊಳ್ಳಬೇಕಾದರೆ ಬಿಳಿಯ ರಾಜ ಅದರ ಪಕ್ಕವನ್ನು ಬಿಡುವಂತಿಲ್ಲ. ಅವನು ಇ6ಕ್ಕೆ ಬಂದರೆ ಕರಿಯನಿಗೆ ನಡೆಯಲು ಒಂದು ಮನೆಯೂ ಉಳಿಯದು. ಚೆಕ್ ಕೂಡ ಇಲ್ಲ. ಇದೇ ಸ್ಟೇಲ್‌ಮೇಟ್, ಆಟ ಸಮ. ಇ6ಕ್ಕೆ ಬಾರದೆ ಬೇರೆಲ್ಲಿಗೆ ಹೋದರೂ ಕಾಲಾಳು ಕರಿಯ ರಾಜನ ಬಾಯಿಗೆ ಬೀಳುತ್ತದೆ. ಮೊದಲಿಗೇ ಕಾಲಾಳನ್ನು ನೂಕದೆ ರಾಜನನ್ನು ಹಿಂದಕ್ಕೆ ತಂದರೂ, ಕರಿಯನು ಎಚ್ಚರದಿಂದ ಆಡಿದರೆ ಇದೇ ಸ್ಥಿತಿಗೆ ಮರಳಿ ಬರುತ್ತೇವಲ್ಲದೆ ಮುಂದೆ ಹೋಗಲಾರೆವು.

ಮಣೆಯ ಮೇಲಿನ ಚಿತ್ರ ಒಂದೇ. ಕಾಯಿಗಳ ಬಲ ಒಂದೇ. ಬದಲಾದದ್ದು ಸರದಿ ಮಾತ್ರ. ಸರದಿ ಕರಿಯನದಾದರೆ ಅವನಿಗೆ ಸೋಲು. ಬಿಳಿಯನದಾದರೆ ಗೆಲುವು ಕೈತಪ್ಪುತ್ತದೆ. ಇಲ್ಲಿ ಇಬ್ಬರೂ ‘ನೀನೇ ನಡೆ’ ಎಂದು ಬೇಡುವ ಸ್ಥಿತಿಯಲ್ಲಿದ್ದಾರೆ.

ಸ್ಟೇಲ್‌ಮೇಟಿಗೂ ಜುಗ್‌ಜ್ವಾಂಗಿಗೂ ಇರುವ ಭೇದವನ್ನು ಇಲ್ಲಿಯೇ ಗಮನಿಸಬೇಕು. ಸ್ಟೇಲ್‌ಮೇಟಿನಲ್ಲಿ ನಡೆಯಲು ನ್ಯಾಯಸಮ್ಮತವಾದ ಮನೆಯೇ ಇರದು. ಆದ್ದರಿಂದ ಆಟ ಅಲ್ಲಿಗೆ ನಿಂತು ಸಮವಾಗುತ್ತದೆ. ಜುಗ್‌ಜ್ವಾಂಗಿನಲ್ಲಿ ನಡೆಗಳಿವೆ, ಆದರೆ ಎಲ್ಲವೂ ಕೆಟ್ಟ ನಡೆಗಳು. ಮೊದಲನೆಯದು ಸೋಲುವವನಿಗೆ ದೊರೆತ ಅಭಯ. ಎರಡನೆಯದು ಅವನ ಕೊರಳಿಗೆ ಬಿದ್ದ ಉರುಳು. ನಡೆಯಲು ಒಂದೇ ಒಂದು ಮನೆ ಉಳಿದಿರುವುದು ಕೆಲವು ವೇಳೆ ಒಂದೂ ಉಳಿಯದಿರುವುದಕ್ಕಿಂತ ದೊಡ್ಡ ದುರ್ದೈವವೆಂಬುದು ಇದರಿಂದ ತಿಳಿಯುತ್ತದೆ.

ಮೇಲಿನ ಉದಾಹರಣೆಯಲ್ಲಿ ಬಿಳಿಯನು ಕಳೆದುಕೊಳ್ಳುವುದು ಗೆಲುವನ್ನು ಮಾತ್ರ, ಅವನು ಸೋಲುವುದಿಲ್ಲ. ಇದಕ್ಕಿಂತ ಕ್ರೂರವಾದ ಇನ್ನೊಂದು ಸ್ಥಿತಿಯಿದೆ. ಬಿಳಿಯ ರಾಜನನ್ನು ಎಫ್5ರಲ್ಲಿಯೂ ಬಿಳಿಯ ಕಾಲಾಳನ್ನು ಇ4ರಲ್ಲಿಯೂ ಇಡಿ. ಕರಿಯ ರಾಜನನ್ನು ಡಿ4ರಲ್ಲಿಯೂ ಕರಿಯ ಕಾಲಾಳನ್ನು ಇ5ರಲ್ಲಿಯೂ ಇಡಿ. ಕಾಲಾಳುಗಳೆರಡೂ ಮುಖಾಮುಖಿಯಾಗಿ ನಿಂತಿರುವುದರಿಂದ ಅವು ಕದಲಲಾರವು. ಪ್ರತಿಯೊಬ್ಬ ರಾಜನೂ ಒಂದೇ ಕಾಲಕ್ಕೆ ಎರಡು ಕೆಲಸ ಮಾಡುತ್ತಿದ್ದಾನೆ: ತನ್ನ ಕಾಲಾಳನ್ನು ಕಾಯುತ್ತಿದ್ದಾನೆ, ಎದುರಾಳಿಯ ಕಾಲಾಳನ್ನು ಬೆದರಿಸುತ್ತಿದ್ದಾನೆ. ತಕ್ಕಡಿ ಸಮನಾಗಿ ನಿಂತಿದೆ. ಸರದಿ ಯಾರಿಗೆ ಬರುತ್ತದೆಯೋ ಅವನ ರಾಜನೇ ಜಾಗ ಬಿಡಬೇಕು. ಬಿಳಿಯ ರಾಜ ಇ6ಕ್ಕೆ ಸರಿದು ಇ5ರ ಮೇಲಿನ ಬೆದರಿಕೆಯನ್ನು ಉಳಿಸಿಕೊಂಡರೂ ಇ4ರ ಕಾವಲು ತಪ್ಪಿತು. ಕರಿಯ ರಾಜ ಇ4ರ ಕಾಲಾಳನ್ನು ಹೊಡೆದು ಅಲ್ಲಿಂದಲೇ ತನ್ನ ಕಾಲಾಳನ್ನು ಕಾಯುತ್ತಾನೆ. ಬಳಿಕ ಅವನ ಕಾಲಾಳು ಕೆಳಗಿಳಿದು ಮಂತ್ರಿಯಾಗುವುದನ್ನು ತಡೆಯಲು ಹಿಂದೆ ಉಳಿದ ಬಿಳಿಯ ರಾಜನಿಗೆ ಸಾಧ್ಯವಿಲ್ಲ. ಸರದಿ ಕರಿಯನದಾಗಿದ್ದರೆ ಇದೇ ವಿಧಿ ಅವನಿಗೆ. ಮೊದಲು ನಡೆದವನು ಸೋಲುತ್ತಾನೆ, ಅಷ್ಟೇ. ಇದನ್ನು ಪರಸ್ಪರ ಜುಗ್‌ಜ್ವಾಂಗ್ ಎನ್ನುತ್ತಾರೆ.

ಇಷ್ಟನ್ನು ತಿಳಿದ ಮೇಲೆ ಒಂದು ಪರೀಕ್ಷೆಯನ್ನು ರೂಪಿಸಬಹುದು. ಯಾವ ಸ್ಥಿತಿಯನ್ನಾದರೂ ನೋಡಿ, ‘ನಡೆಯಬೇಕಾದವನಿಗೆ ಈ ಒಂದು ಸಲ ಸುಮ್ಮನಿರಲು ಅಪ್ಪಣೆ ಕೊಟ್ಟರೆ ಅವನು ಉಳಿದುಕೊಳ್ಳುವನೇ?’ ಎಂದು ಕೇಳಿರಿ. ಉಳಿದುಕೊಳ್ಳುವನಾದರೆ, ಅವನನ್ನು ಕೆಡಿಸುತ್ತಿರುವುದು ನಡೆಯುವ ಬಲವಂತವೇ, ಅದು ಜುಗ್‌ಜ್ವಾಂಗ್. ಸುಮ್ಮನಿದ್ದರೂ ಸೋಲುವನಾದರೆ ಅವನ ಸಂಕಟಕ್ಕೆ ಕಾರಣ ಬೇರೆ. ಎದುರಾಳಿಯ ಬೆದರಿಕೆಯೋ, ತನ್ನ ಬಲದ ಕೊರತೆಯೋ ಇದ್ದೀತು. ನಮ್ಮ ಮೊದಲ ಉದಾಹರಣೆಯಲ್ಲಿ ಕರಿಯ ರಾಜನಿಗೆ ಡಿ8ರಲ್ಲಿಯೇ ಕುಳಿತಿರಲು ಬಿಟ್ಟರೆ ಬಿಳಿಯನು ಏನನ್ನೂ ಸಾಧಿಸಲಾರ. ಆದ್ದರಿಂದ ಅದು ಶುದ್ಧವಾದ ಜುಗ್‌ಜ್ವಾಂಗ್.

ಹಾಗಾದರೆ ಆಟದ ಆರಂಭದಲ್ಲಿ ಇದು ಏಕೆ ಕಾಣಿಸುವುದಿಲ್ಲ? ಆಗ ಮಣೆಯ ತುಂಬ ಕಾಯಿಗಳಿರುತ್ತವೆ. ಮುಖ್ಯವಾದ ಕಾವಲನ್ನು ಕದಲಿಸದೆ ಒಂದು ಮೂಲೆಯ ಕಾಲಾಳನ್ನು ನೂಕಬಹುದು, ಇಲ್ಲವೇ ಒಂದು ಆನೆಯನ್ನು ಪಕ್ಕದ ಮನೆಗೆ ಸರಿಸಬಹುದು. ಇಂತಹ ನಿರಪಾಯವಾದ ನಡೆಗಳು ಆಟಗಾರನ ಬೊಕ್ಕಸದಲ್ಲಿರುವ ಬಿಡಿ ನಾಣ್ಯಗಳಂತೆ. ಕಾಯಿಗಳು ಒಂದೊಂದಾಗಿ ಹೊಡೆದುಹೋಗಿ, ಕಾಲಾಳುಗಳು ಒಂದಕ್ಕೊಂದು ಅಡ್ಡವಾಗಿ ನಿಂತಾಗ ಆ ನಾಣ್ಯಗಳು ಮುಗಿಯುತ್ತವೆ. ಆಗ ಉಳಿಯುವುದು ರಾಜನ ನಡೆ ಮಾತ್ರ. ರಾಜನೋ ಕಾವಲು ಬಿಟ್ಟು ಕದಲುವಂತಿಲ್ಲ. ಆದುದರಿಂದಲೇ ಆಟದ ಕೊನೆಯ ಘಟ್ಟದಲ್ಲಿ, ಅದರಲ್ಲಿಯೂ ರಾಜ ಕಾಲಾಳುಗಳು ಮಾತ್ರ ಉಳಿದಾಗ, ಜುಗ್‌ಜ್ವಾಂಗ್ ಆಟದ ಹಣೆಬರಹವನ್ನೇ ಬರೆಯುತ್ತದೆ. ಒಂದೇ ಒಂದು ಬಿಡಿ ನಡೆಯನ್ನು ಉಳಿಸಿಕೊಂಡವನು ಅಲ್ಲಿ ಶ್ರೀಮಂತ.

ಈಗ ನನ್ನ ಆಟಕ್ಕೆ ಮರಳೋಣ. ನನ್ನ ಕಾಲಾಳು ಇನ್ನೂ ಇ2ರಲ್ಲಿದ್ದಾಗ, ಬೇಗ ಮುಂದೆ ಹೋಗಲೆಂದು ಅದನ್ನು ಒಮ್ಮೆಗೇ ಇ4ಕ್ಕೆ ನೂಕಿದ್ದೆ. ಬಳಿಕ ನನ್ನ ರಾಜ ಇ5ಕ್ಕೆ ಬಂದು ನಿಂತ. ಎದುರಾಳಿಯ ರಾಜ ಇ7ಕ್ಕೆ ಬಂದು ಎದುರಾದ. ನಡೆ ನನ್ನದು. ಕಾಲಾಳಿನ ಮುಂದೆ ನನ್ನ ರಾಜನೇ ನಿಂತಿರುವುದರಿಂದ ಕಾಲಾಳು ಕದಲಲಾರದು. ರಾಜನೇ ಸರಿಯಬೇಕು.

ನಾನು ಡಿ5ಕ್ಕೆ ಸರಿದೆ. ಎದುರಾಳಿ ಕೂಡಲೇ ಡಿ7ಕ್ಕೆ ಸರಿದು ಮತ್ತೆ ಎದುರಾದ. ಬೇರೆ ದಾರಿ ಕಾಣದೆ ಕಾಲಾಳನ್ನು ಇ5ಕ್ಕೆ ನೂಕಿದೆ. ಅವನು ಇ7ಕ್ಕೆ ಬಂದ. ಕಾಲಾಳನ್ನು ಇ6ಕ್ಕೆ ನೂಕಿದೆ. ಇಲ್ಲಿ ಅವನು ಯೋಚಿಸಿದ. ಹಿಂದೆ ಸರಿಯಲು ಅವನಿಗೆ ಡಿ8, ಇ8, ಎಫ್8 ಎಂಬ ಮೂರು ಮನೆಗಳಿದ್ದವು. ಅವನು ಡಿ8ಕ್ಕೆ ಹೋಗಿದ್ದರೆ ನಾನು ಡಿ6ಕ್ಕೆ ಬರುತ್ತಿದ್ದೆ. ಆಗ ನಾವು ಮೊದಲು ನೋಡಿದ ಸ್ಥಿತಿ ಮೂಡುತ್ತಿತ್ತು, ಸರದಿ ಅವನದು, ಗೆಲುವು ನನ್ನದು. ಎಫ್8ಕ್ಕೆ ಹೋಗಿದ್ದರೂ ಗೆಲುವು ನನ್ನದೇ. ಆದರೆ ಅವನು ನೇರವಾಗಿ ಹಿಂದಕ್ಕೆ, ಇ8ಕ್ಕೆ ಹೋದ. ನಾನು ಡಿ6ಕ್ಕೆ ಬಂದೆ. ಅವನು ಡಿ8ಕ್ಕೆ ಬಂದ. ಕಾಯಿಗಳೆಲ್ಲ ಅವೇ ಮನೆಗಳಲ್ಲಿ ನಿಂತವು, ಆದರೆ ಈಗ ಸರದಿ ನನ್ನದು! ಇ7ಕ್ಕೆ ಕಾಲಾಳು, ಇ8ಕ್ಕೆ ಅವನ ರಾಜ, ಇ6ಕ್ಕೆ ನನ್ನ ರಾಜ, ಸ್ಟೇಲ್‌ಮೇಟ್. ನಾವಿಬ್ಬರೂ ಕೈ ಕುಲುಕಿ ಎದ್ದೆವು.

ಆ ಹಿರಿಯರ ಮಾತಿನಂತೆ ಕಾಲಾಳನ್ನು ಇ2ರಿಂದ ಇ3ಕ್ಕೆ ಮಾತ್ರ ನೂಕಿದ್ದೆನೆಂದು ಭಾವಿಸಿರಿ. ಆಗಲೂ ಒಂದೇ ನಡೆ ಖರ್ಚಾಗುತ್ತಿತ್ತು. ಆದ್ದರಿಂದ ರಾಜರಿಬ್ಬರೂ ಇ5 ಮತ್ತು ಇ7ಕ್ಕೆ ಅದೇ ರೀತಿ ಬಂದು ನಿಲ್ಲುತ್ತಿದ್ದರು, ಸರದಿಯೂ ನನ್ನದೇ ಆಗಿರುತ್ತಿತ್ತು. ಆದರೆ ನನ್ನ ರಾಜನ ಹಿಂದೆ ಇ4ರ ಮನೆ ಬರಿದಾಗಿರುತ್ತಿತ್ತು. ನಾನು ಕಾಲಾಳನ್ನು ಇ3ರಿಂದ ಇ4ಕ್ಕೆ ಸರಿಸುತ್ತಿದ್ದೆ. ಆ ನಡೆ ಏನನ್ನೂ ಹೊಡೆಯುವುದಿಲ್ಲ, ಯಾರನ್ನೂ ಬೆದರಿಸುವುದಿಲ್ಲ. ಸರದಿಯನ್ನು ಎದುರಾಳಿಗೆ ದಾಟಿಸುತ್ತದೆ, ಅಷ್ಟೇ. ಈಗ ಕದಲಬೇಕಾದವನು ಅವನು. ಅವನು ಡಿ7ಕ್ಕೆ ಸರಿದರೆ ನನ್ನ ರಾಜ ಎಫ್6ಕ್ಕೆ ನುಗ್ಗುತ್ತಾನೆ. ಅವನು ಇ8ಕ್ಕೆ ಹಿಮ್ಮೆಟ್ಟಿದರೆ ನಾನು ಇ6ಕ್ಕೆ ಬಂದು ಎದುರಾಗುತ್ತೇನೆ. ಅವನು ಡಿ8ಕ್ಕೆ ಸರಿದರೆ ನಾನು ಎಫ್7ಕ್ಕೆ ಹೋಗುತ್ತೇನೆ. ಇನ್ನು ಇ6, ಇ7, ಇ8 ಮೂರು ಮನೆಗಳೂ ನನ್ನ ರಾಜನ ಹಿಡಿತದಲ್ಲಿವೆ. ಕಾಲಾಳಿಗೆ ರಾಜಮಾರ್ಗ ತೆರೆದಂತಾಯಿತು. ಅವನು ಮೊದಲಿಗೆ ಎಫ್7ರ ಕಡೆಗೆ ಸರಿದರೆ ನಾನು ಡಿ6ರಿಂದ ಇದನ್ನೇ ಮಾಡುತ್ತೇನೆ. ಎರಡು ಮನೆಗಳ ನೆಗೆತದಲ್ಲಿ ನಾನು ಕಳೆದುಕೊಂಡದ್ದು ಈ ಒಂದು ಬಿಡಿ ನಡೆಯನ್ನು. ಕಾಲಾಳು ಹಿಂದಕ್ಕೆ ಬಾರದ ಕಾಯಿ, ಖರ್ಚಾದದ್ದು ಖರ್ಚಾಯಿತು.

ಮಣೆಯಲ್ಲಿ ಕಾಯಿಗಳು ತುಂಬಿರುವಾಗಲೂ ಜುಗ್‌ಜ್ವಾಂಗ್ ಸಂಭವಿಸಬಹುದೇ? ಬಹಳ ಅಪರೂಪ; ಆದರೂ ಒಂದು ಆಟ ಈ ಕಾರಣಕ್ಕಾಗಿಯೇ ಜಗತ್ಪ್ರಸಿದ್ಧವಾಗಿದೆ. 1923ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಫ್ರೀಡ್ರಿಕ್ ಜೇಮಿಷ್ ಬಿಳಿಯ ಕಾಯಿಗಳಿಂದಲೂ ಆರನ್ ನಿಮ್ಜೊವಿಚ್ ಕರಿಯ ಕಾಯಿಗಳಿಂದಲೂ ಆಡಿದ ಆಟವದು. ಕರಿಯನು ತನ್ನ 25ನೆಯ ನಡೆಯಾಗಿ ಅಂಚಿನ ಕಾಲಾಳನ್ನು ಎಚ್7ರಿಂದ ಎಚ್6ಕ್ಕೆ ಒಂದೇ ಮನೆ ಸರಿಸಿದನು. ಅಷ್ಟಕ್ಕೇ ಬಿಳಿಯನು ಸೋಲನ್ನು ಒಪ್ಪಿಕೊಂಡನು. ಆಗ ಬಿಳಿಯನ ಬಳಿ ಮಂತ್ರಿ, ಎರಡು ಆನೆ, ಎರಡು ಒಂಟೆ, ಒಂದು ಕುದುರೆ, ಐದು ಕಾಲಾಳು ಎಲ್ಲವೂ ಇದ್ದವು!

ಅವನ ಮಂತ್ರಿ ಇ3ರಲ್ಲಿ ಸಿಕ್ಕಿಬಿದ್ದಿತ್ತು. ಓಡಲು ಕ್ಷೇಮವಾದ ಮನೆಯಿರಲಿಲ್ಲ. ಕರಿಯ ಆನೆಯೊಂದು ಎಫ್2ರಲ್ಲಿ ನುಗ್ಗಿ ಕುಳಿತಿತ್ತು. ಅದು ಇ2ಕ್ಕೆ ಬಂದರೆ ಮಂತ್ರಿ ಹೋಯಿತು. ಅದನ್ನು ತಡೆದಿದ್ದುದು ಇ1ರಲ್ಲಿದ್ದ ಬಿಳಿಯ ಆನೆ. ಆದ್ದರಿಂದ ಆ ಆನೆ ಇ ಸಾಲನ್ನು ಬಿಡುವಂತಿಲ್ಲ. ಎಚ್1ರಲ್ಲಿದ್ದ ರಾಜ ಎಚ್2ಕ್ಕೆ ಬಂದರೆ, ಜಿ2ರಲ್ಲಿದ್ದ ಒಂಟೆ ರಾಜನಿಗೂ ಎಫ್2ರ ಆನೆಗೂ ನಡುವೆ ಸಿಕ್ಕಿ ಕದಲಲಾರದಾಗುತ್ತದೆ. ಎಫ್5ರಲ್ಲಿದ್ದ ಇನ್ನೊಂದು ಕರಿಯ ಆನೆ ಎಫ್3ಕ್ಕೆ ಬಂದು ಮಂತ್ರಿಯನ್ನು ಹಿಡಿಯುತ್ತದೆ. ಡಿ2ರ ಒಂಟೆ ಸಿ1ಕ್ಕೆ ಹೋದರೆ ಬಿ1ರಲ್ಲಿದ್ದ ಕುದುರೆಗೆ ಆನೆಯ ಕಾವಲು ತಪ್ಪುತ್ತದೆ. ಜಿ3ರ ಕಾಲಾಳು ಜಿ4ಕ್ಕೆ ಹೋದರೆ ಕರಿಯ ಒಂಟೆಯ ದೃಷ್ಟಿ ಡಿ6ರಿಂದ ಎಚ್2ರವರೆಗೆ ಹರಿಯುತ್ತದೆ; ಎಫ್5ರ ಆನೆ ಎಫ್3ಕ್ಕೆ ಬಂದಾಗ ಅದನ್ನು ಒಂಟೆಯಿಂದ ಹೊಡೆದರೆ, ಎಫ್2ರ ಆನೆ ಎಚ್2ಕ್ಕೆ ಬಂದು ಚೆಕ್‌ಮೇಟ್. ನಿರಪಾಯವಾಗಿ ಉಳಿದದ್ದು ಎ ಮತ್ತು ಬಿ ಸಾಲಿನ ಕಾಲಾಳುಗಳ ಒಂದೆರಡು ನಡೆ. ಬಿಡಿ ನಾಣ್ಯಗಳು ಅಷ್ಟೇ. ಅವು ಮುಗಿದ ಮೇಲೆ ಯಾವ ಕಾಯಿಯನ್ನು ಮುಟ್ಟಿದರೂ ನಷ್ಟ.

ಈ ಆಟವನ್ನು ‘ಅಮರ ಜುಗ್‌ಜ್ವಾಂಗ್ ಆಟ’ವೆಂದು ಕರೆಯುವುದು ವಾಡಿಕೆ. ಕೆಲವು ಪಂಡಿತರು ಇದಕ್ಕೆ ಆಕ್ಷೇಪವೆತ್ತಿದ್ದಾರೆ. ನಮ್ಮ ಪರೀಕ್ಷೆಯನ್ನು ಇಲ್ಲಿ ಒಡ್ಡಿದರೆ ಉತ್ತರ ಸ್ಪಷ್ಟವಾಗದೆಂಬುದೇ ಅವರ ವಾದದ ತಿರುಳು: ಅಷ್ಟು ಉಸಿರುಕಟ್ಟಿದ ಸ್ಥಿತಿಯಲ್ಲಿ ಬಿಳಿಯನಿಗೆ ಒಂದು ನಡೆ ಸುಮ್ಮನಿರಲು ಬಿಟ್ಟರೂ ಅವನು ಬಹುಕಾಲ ಉಳಿಯುತ್ತಿರಲಿಲ್ಲ. ಈ ವಿವಾದ ವರದಿಗಳನ್ನು ಓದುವವರಿಗೆ ಒಂದು ಎಚ್ಚರಿಕೆ. ವ್ಯಾಖ್ಯಾನಕಾರರು ಈ ಶಬ್ದವನ್ನು ಎರಡು ಅರ್ಥಗಳಲ್ಲಿ ಬಳಸುತ್ತಾರೆ. ಬಿಗಿಯಾದ ಅರ್ಥದಲ್ಲಿ, ಸುಮ್ಮನಿರಲು ಸಾಧ್ಯವಾಗಿದ್ದರೆ ಉಳಿಯುತ್ತಿದ್ದವನು ನಡೆದು ಕೆಡುವ ಸ್ಥಿತಿ. ಸಡಿಲವಾದ ಅರ್ಥದಲ್ಲಿ, ಒಳ್ಳೆಯ ನಡೆಯೇ ಉಳಿಯದ ಯಾವುದೇ ಇಕ್ಕಟ್ಟು. ‘ಕರಿಯನು ಜುಗ್‌ಜ್ವಾಂಗಿನಲ್ಲಿದ್ದಾನೆ’ ಎಂಬ ವಾಕ್ಯ ಕಂಡಾಗ ಓದುಗನು ಮಣೆಯನ್ನು ನೋಡಿ, ಕರಿಯನ ಸರದಿಯನ್ನು ಮನಸ್ಸಿನಲ್ಲಿಯೇ ಬಿಳಿಯನಿಗೆ ಕೊಟ್ಟು, ಬಿಳಿಯನು ಈಗ ಏನು ಮಾಡಬಲ್ಲನೆಂದು ಹುಡುಕಬೇಕು. ಮಾಡಲು ಏನೂ ಸಿಗದಿದ್ದರೆ ವ್ಯಾಖ್ಯಾನಕಾರನ ಮಾತು ಬಿಗಿಯಾದ ಅರ್ಥದಲ್ಲಿಯೂ ನಿಜ.

ಇನ್ನು ಆಡುವವನಿಗೆ. ರಾಜ ಕಾಲಾಳುಗಳ ಅಂತ್ಯ ಹತ್ತಿರ ಬಂದಾಗ, ಕಾಲಾಳನ್ನು ಮುಟ್ಟುವ ಮೊದಲು ಎರಡೂ ಕಡೆಯ ಬಿಡಿ ನಡೆಗಳನ್ನು ಎಣಿಸಿ ನೋಡಬೇಕು. ಎಂದಾದರೂ ನಿಮ್ಮ ರಾಜ ಇ5ರಲ್ಲಿಯೂ ಎದುರಾಳಿಯ ರಾಜ ಇ7ರಲ್ಲಿಯೂ ಬಂದು ನಿಂತು, ಸರದಿ ನಿಮ್ಮದಾದಾಗ, ನಿಮ್ಮ ಕಾಲಾಳು ಇ4ರಲ್ಲಿರದೆ ಇ3ರಲ್ಲಿರಲಿ.